ನಲವತ್ತೆರಡು ಸೀಸೆ ಗಜನಿಂಬೆ

ಭೈರೇಶನಿಗೆ ಬಿಸಿಲೆಂದರೆ ಆಗುತ್ತಿರಲಿಲ್ಲ. ತನ್ನ ಮೈಗೆ ಬಿದ್ದರೆ ಚಿಂತೆಯಿಲ್ಲ, ಸೀಸೆಗೆ ಬೀಳಬಾರದು. ವಿಜಯನಗರದ ಅವನ ಸೆಂಟಿನ ಅಂಗಡಿಗೆ ಹೊಸಬರು ಯಾರಾದರೂ ಬಂದರೆ ಮೊದಲು ಕೇಳುತ್ತಿದ್ದ ಪ್ರಶ್ನೆಯೇ, "ಮನೇಲಿ ಎಲ್ಲಿ ಇಡ್ತೀರಾ?" ಎಂದು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಎಂದವರಿಗೆ ಮಾರುತ್ತಲೇ ಇರಲಿಲ್ಲ. "ಅದರ ಬದಲು ಕರ್ಪೂರ ತಗೊಂಡು ಹೋಗಿ ಹಚ್ಚಿ, ಹೊಗೆನಾದ್ರೂ ಬರುತ್ತೆ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದ. ದೇವರ ದೀಪದ ಪಕ್ಕ ಇಡುವವರಿಗೂ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಅಂದ ನೋಡುವವರಿಗೂ ಇದೇ ಬೈಗುಳ. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿ, ಸಿಟಿ ಮಾರ್ಕೆಟ್ಟಿನ ಅತ್ತರಿನ ಅಂಗಡಿಯೊಂದರಲ್ಲಿ ಎಂಟು ವರ್ಷ ಸೀಸೆ ತೊಳೆದು ಕಲಿತ ವಿದ್ಯೆ ಅದು. ಬಿಸಿ, ಬೆಳಕು, ತೇವ. ಸುಗಂಧಕ್ಕೆ ಈ ಮೂರೂ ಶತ್ರು.

ಇಷ್ಟು ಬಾಯಿ ಮಾಡುವ ಮನುಷ್ಯ ತಾನೇ ಒಂದು ಸಲ ಎಡವಿದ್ದ. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಅಂಗಡಿ ಮುಂದೆ ದೊಡ್ಡ ಗಾಜು ಹಾಕಿಸಿ, ಒಳಗೆ ಬಲ್ಬಿನ ಸಾಲು ಉರಿಸಿ, ಒಳ್ಳೆಯ ಸೀಸೆಗಳನ್ನೆಲ್ಲ ಅಲ್ಲಿ ನಿಲ್ಲಿಸಿದ್ದ. ಅಂಗಡಿಗೆ ಪಶ್ಚಿಮದ ಮುಖ. ನಾಲ್ಕು ಗಂಟೆಯ ಬಿಸಿಲು ನೇರವಾಗಿ ಗಾಜಿನೊಳಕ್ಕೆ ನುಗ್ಗುತ್ತದೆ ಎಂಬುದು ಆ ಹೊಸ ಗಾಜಿನ ಸಂಭ್ರಮದಲ್ಲಿ ಅವನಿಗೆ ಹೊಳೆಯಲೇ ಇಲ್ಲ. ನಾಗರಬಾವಿಯ ಲಕ್ಷ್ಮೀಪತಿ ಎಂಬವರು, ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಆ ಸಾಲಿನಿಂದ ಒಂದು ಸೀಸೆ ಕೊಂಡು ಹೋಗಿ ಮಾರನೆಯ ದಿನವೇ ವಾಪಸ್ಸು ತಂದರು. ಕೌಂಟರಿನ ಮೇಲೆ ಇಟ್ಟು ಮೆಲ್ಲಗೆ, "ಭೈರೇಶ್ ಅವರೇ, ಇದು ಹುಳಿ ಬಂದಿದೆ ಅನ್ಸುತ್ತೆ" ಎಂದರು.

"ನೀವು ಕಾರಲ್ಲಿ ಬಿಟ್ಟಿರ್ತೀರಾ ಸಾರ್! ಕಾರಲ್ಲಿ ಬಿಟ್ರೆ ಹಾಲೂ ಹುಳಿ ಬರುತ್ತೆ!" ಎಂದು ನಾಲ್ಕು ಜನರ ಎದುರು ಭೈರೇಶ ಕಿರುಚಿದ.

ಲಕ್ಷ್ಮೀಪತಿಯವರು ಸೀಸೆಯನ್ನು ಅಲ್ಲೇ ಬಿಟ್ಟು ಮೆಲ್ಲಗೆ ಹೊರಟುಹೋದರು. ಅವರ ಹತ್ತಿರ ಕಾರೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವತ್ತು ಸಂಜೆ ಭೈರೇಶ ಗಾಜಿನೊಳಗಿನ ಇನ್ನೊಂದು ಸೀಸೆ ತೆಗೆದು ಮೂಸಿದ. ತೆಳು ಹಳದಿ ಇದ್ದದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ಮೊದಲ ಉಸಿರಿಗೇ ಹುಳಿ, ಹಿಂದಿನಿಂದ ಉಗುರುಬಣ್ಣ ಅಳಿಸುವ ನೀರಿನ ನಾತ. ಮಾರನೆಯ ದಿನ ಗಾಜಿಗೆ ಒಳಗಿನಿಂದ ಬಿಸಿಲು ತಡೆಯುವ ತೆಳು ಹಾಳೆ ಅಂಟಿಸಿ, ಅಲ್ಲಿ ಬಣ್ಣದ ನೀರು ತುಂಬಿದ ಹಳೆಯ ಸೀಸೆಗಳನ್ನು ಇಟ್ಟ. ಆದರೆ ಲಕ್ಷ್ಮೀಪತಿಯವರ ಮನೆಗೆ ಹೋಗಿ ತಪ್ಪಾಯಿತು ಅನ್ನಲಿಲ್ಲ. ಅಷ್ಟು ಗಂಟಲು ಅವನಿಗಿರಲಿಲ್ಲ. ಕೂಗಾಡುವುದಕ್ಕೆ ಮಾತ್ರ ಇತ್ತು.

ಈ ವರ್ಷ ಫೆಬ್ರವರಿಯಲ್ಲಿ ಅವರೇ ಬಂದರು, ಜೊತೆಗೆ ಮಗಳು ರಾಗಿಣಿ. ಅವಳ ಮದುವೆ ಏಪ್ರಿಲ್ ಕೊನೆಯ ಭಾನುವಾರ. ಹತ್ತಿರದ ನೆಂಟರಿಗೆ ಕೊಡಲು ನಲವತ್ತು ಸೀಸೆ ಬೇಕು, ಬೇರೆಲ್ಲೂ ಸಿಗದ ವಾಸನೆ ಇರಬೇಕು ಎಂದಳು ಹುಡುಗಿ. "ಇವಳಿಗೆ ನಿಮ್ಮ ಅಂಗಡೀದೇ ಆಗ್ಬೇಕಂತೆ. ಇನ್ನೊಂದು ಸಲ ನೋಡೋಣ" ಎಂದರು ಲಕ್ಷ್ಮೀಪತಿ. ಹಳೆಯದನ್ನು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು ಭೈರೇಶನಿಗೆ. 'ಇನ್ನೊಂದು ಸಲ' ಎಂಬ ಆ ಎರಡು ಪದ ಎರಡು ತಿಂಗಳು ಅವನ ಬೆನ್ನ ಮೇಲೆ ಕೂತಿದ್ದವು.

ಅವನು ಗಜನಿಂಬೆ, ಮಲ್ಲಿಗೆ, ಲಾವಂಚ ಬೆರೆಸಿದ. ಗಜನಿಂಬೆಯ ಸಿಪ್ಪೆಯ ಎಣ್ಣೆ ಮೇಲೆ ನಿಲ್ಲುತ್ತದೆ. ಸೀಸೆ ಒತ್ತಿದೊಡನೆ ಮೂಗಿಗೆ ಮೊದಲು ಬರುವುದೂ ಅದೇ, ಬಿಸಿ ತಾಗಿದರೆ ಮೊದಲು ಕೆಡುವುದೂ ಅದೇ. ಬೆರಕೆಯನ್ನು ಕತ್ತಲಲ್ಲಿ ಮೂರು ವಾರ ಹಣ್ಣಾಗಲು ಬಿಟ್ಟು, ಸೋಸಿ, ನಲವತ್ತೆರಡು ಸೀಸೆಗೆ ತುಂಬಿದ. ಒಂದೆರಡು ಒಡೆದುಹೋದರೆ ಇರಲಿ ಎಂದು ಎರಡು ಹೆಚ್ಚು. ಪ್ರತಿ ಸೀಸೆಯ ಕತ್ತಿಗೆ ಲೋಹದ ಬಿಲ್ಲೆ ಕೂರಿಸಿ ಸೋರದಂತೆ ಕೈಯಂತ್ರದಿಂದ ತಾನೇ ಬಿಗಿದ. ರಾಗಿಣಿಗೆ ನೋಡಲು ಒಂದು ಸಣ್ಣ ಮಾದರಿ ಕೊಟ್ಟ, ಇನ್ನೊಂದನ್ನು ಎಂದಿನಂತೆ ಅಂಗಡಿಯ ಪುಟ್ಟ ಫ್ರಿಜ್ಜಿನಲ್ಲಿಟ್ಟ. ಯಾವ ಬೆರಕೆ ಮಾಡಿದರೂ ಹೋಲಿಸಿ ನೋಡಲು ಒಂದನ್ನು ಹಾಗೆ ತಣ್ಣಗೆ ಇಟ್ಟುಕೊಳ್ಳುವುದು ಅವನ ಪದ್ಧತಿ.

ಆಗಲೇ ಪಕ್ಕದ ಮಳಿಗೆಗೆ ಒಂದು ಬೇಕರಿ ಬಂತು. ಬಂದವರು ಓವನ್ನನ್ನು ತಂದು ಇಟ್ಟದ್ದು ಭೈರೇಶನ ಗೋದಾಮಿನ ಗೋಡೆಗೆ ಆನಿಸಿ. ಗೋಡೆ ಮುಟ್ಟಿದರೆ ದೋಸೆ ಹಂಚು. ಜಗಳವಾಡಿದ, ಕಟ್ಟಡದ ಯಜಮಾನನಿಗೂ ಎರಡು ಮಾತು ಬೈದ, ಪ್ರಯೋಜನವಾಗಲಿಲ್ಲ. ಕೊನೆಗೆ ಮದುವೆಯ ಸೀಸೆಗಳನ್ನು ಒಂದೊಂದು ಡಬ್ಬಿಗೆ ಹಾಕಿ, ಎರಡು ಪೆಟ್ಟಿಗೆಯಲ್ಲಿ ಹೆಗ್ಗನಹಳ್ಳಿಯ ಮನೆಗೆ ತಂದ. ಸುತ್ತ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿದ್ದರೂ ಅವರ ಮನೆಯ ಹಿಂಭಾಗ ಅಪ್ಪನ ಕಾಲದ್ದೇ, ಒಂದೂವರೆ ಅಡಿ ಮಣ್ಣಿನ ಗೋಡೆ. ಕಿಟಕಿಯಿಲ್ಲದ ನಡುಕೋಣೆಯಲ್ಲಿ ಮಂಚದ ಕೆಳಗೆ ಪೆಟ್ಟಿಗೆ ನೂಕಿ, "ಇದನ್ನ ಯಾರೂ ಮುಟ್ಟಕೂಡದು" ಎಂದು ಮೂರು ಸಲ ಹೇಳಿ, ಲಾವಂಚದ ಎಣ್ಣೆ, ಅತ್ತರು ತರಲು ಕನೌಜಿಗೆ ರೈಲು ಹತ್ತಿದ.

ಹದಿನಾಲ್ಕು ದಿನದ ಮೇಲೆ, ಬುಧವಾರ ಮಧ್ಯಾಹ್ನ ವಾಪಸ್ಸಾದ. ದಾರಿಯಲ್ಲಿ ಅಂಗಡಿಗೆ ಹೋಗಿ ಫ್ರಿಜ್ಜಿನ ಮಾದರಿ ಸೀಸೆಯನ್ನು ಬ್ಯಾಗಿಗೆ ಹಾಕಿಕೊಂಡ. ಶುಕ್ರವಾರ ಒಪ್ಪಿಸುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಮೂಸಬೇಕಿತ್ತು.

ಮನೆಗೆ ಬಂದು, ಚಪ್ಪಲಿ ಬಿಟ್ಟು, ಮಂಚದ ಕೆಳಗೆ ಬಗ್ಗಿ ನೋಡಿದರೆ ಬರಿಯ ನೆಲ.

"ಕೀರ್ತನಾ! ಇಲ್ಲಿದ್ದ ಪೆಟ್ಟಿಗೆ ಎಲ್ಲೇ?"

ಹೆಂಡತಿ ಅಡುಗೆಮನೆಯಿಂದ ಬಂದಳು. ಬಸವೇಶ್ವರನಗರದ ಶಾಲೆಯೊಂದರಲ್ಲಿ ಟೀಚರು, ರಜೆಯಲ್ಲಿದ್ದಳು. "ಮೇಲಿದಾವೆ ರೀ. ನೀವು ಹೋದ ಮಾರನೇ ದಿನವೇ ಬಾಗಿಲ ಚೌಕಟ್ಟಿಗೆ ಗೆದ್ದಲು ಬಂದಿತ್ತು. ಔಷಧಿ ಹೊಡಿಯೋರನ್ನ ಕರೆಸಿದ್ದೆ. ಕೋಣೆ ಸಾಮಾನೆಲ್ಲ ಮೇಲಿನ ಷೀಟ್ ರೂಮಿಗೆ ಹಾಕ್ಸಿ ಅಂತ ಅತ್ತೆಗೆ ಹೇಳಿ ಸ್ಕೂಲಿಗೆ ಹೋದೆ. ಅವತ್ತು ರಿಸಲ್ಟು."

"ಷೀಟ್ ರೂಮಿಗೆ?"

"ಹೂಂ."

"ತಗಡಿನ ಕೆಳಗೆ? ಏಪ್ರಿಲ್ ತಿಂಗಳಲ್ಲಿ? ಹದಿಮೂರು ದಿನ?"

ಅವಳು ಉತ್ತರ ಕೊಡುವ ಮೊದಲೇ ಅವನು ಮೆಟ್ಟಿಲ ಮೇಲಿದ್ದ. ತಾರಸಿಯ ಕೋಣೆಗೆ ಬೀಗ. ಕಿಟಕಿಯ ಕಂಬಿಯಿಂದ ಇಣುಕಿದರೆ ಹಳೆಯ ಕುರ್ಚಿ, ಹಾಸಿಗೆಗಳ ಪಕ್ಕ ಅವನ ಎರಡು ಪೆಟ್ಟಿಗೆಗಳು, ಅವನದೇ ಕೈಬರಹದಲ್ಲಿ 'ಮುಟ್ಟಬೇಡಿ' ಎಂದು ಬರೆದದ್ದು. ತಗಡಿನ ತಳ ಅವುಗಳಿಂದ ಮೂರಡಿ ಮೇಲೆ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಜೇಬಿನಲ್ಲಿ ಯಾವಾಗಲೂ ಇರುವ ಪುಟ್ಟ ತಾಪಮಾಪಕವನ್ನು ಕಂಬಿಯೊಳಗೆ ತೂರಿಸಿ ಹತ್ತು ನಿಮಿಷ ಬಿಟ್ಟ. ನಲವತ್ತಾರು.

"ಬೀಗದ ಕೈ?" ಎಂದು ಮೇಲಿನಿಂದಲೇ ಕೂಗಿದ.

"ಅತ್ತೆ ಸೊಂಟದಲ್ಲಿ. ಸೋಮವಾರ ಕೆಂಗೇರಿಗೆ ಹೋದ್ರು, ದಾನಮ್ಮ ಚಿಕ್ಕಮ್ಮನ ಮನೆಗೆ. ಹಪ್ಪಳ ಹಾಕೋಕೆ."

ಅಮ್ಮ ವೆಂಕಟಲಕ್ಷ್ಮಮ್ಮನ ಫೋನಿಗೆ ಮಾಡಿದ. ದೇವರ ಗೂಡಿನ ಪಕ್ಕದಲ್ಲೇ ಅದು ಹಾಡಿತು. ಮರೆತು ಹೋಗಿದ್ದಳು. ದಾನಮ್ಮನಿಗೆ ಮಾಡಿದರೆ ನಾಲ್ಕನೇ ಸಲಕ್ಕೆ ಎತ್ತಿ, "ಅಕ್ಕ ಆಗ್ಲೇ ಹೊರಟ್ಲು ಕಣಪ್ಪ, ಬಸ್ ಹತ್ತಿರ್ತಾಳೆ" ಎಂದಳು. ಕೆಂಗೇರಿಯಿಂದ ಎರಡು ಬಸ್ಸು. ಅಂದರೆ ಒಂದೂವರೆ ಗಂಟೆ.

"ನೀನಾದ್ರೂ ಒಂದು ಮಾತು ಅವ್ವನಿಗೆ ಹೇಳ್ಬಾರ್ದಿತ್ತಾ, ಸೀಸೆ ಬಿಟ್ಟು ಬೇರೆ ಸಾಮಾನು ಹಾಕ್ಸಿ ಅಂತ?"

"ಆಮೇಲೆ ಹೇಳ್ಬೇಕು ಅಂದ್ಕೊಂಡೆ. ಆದ್ರೆ ಔಷಧಿ ನಾತ ಅಂತ ಅತ್ತೆ ಜಗಳ ತೆಗೆದ್ರು. ಗೋಡೆಗೆ ವಿಷ ಹಾಕ್ಸಿದೀಯ ಅಂದ್ರು. ಎರಡು ದಿನ ನಾವಿಬ್ರೂ ಮಾತಾಡ್ಲಿಲ್ಲ. ಆಮೇಲೆ ಮರ್ತೇಹೋಯ್ತು."

"ಓಹೋ, ನಿಮ್ಮ ಮೌನವ್ರತಕ್ಕೆ ನನ್ನ ಸೀಸೆ ಬಲಿ!"

ಆಮೇಲೆ ಕಾಲು ಗಂಟೆ ಅವನು ಏನೇನು ಕೂಗಿದ ಎಂದು ಬರೆಯುವ ಅಗತ್ಯವಿಲ್ಲ. ಗೆದ್ದಲು, ತಗಡು, ಶಾಲೆಯ ರಿಸಲ್ಟು, ಪಕ್ಕದ ಬೇಕರಿ ಎಲ್ಲಕ್ಕೂ ಪಾಲು ಸಿಕ್ಕಿತು. ಕೀರ್ತನಾ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಆ ಮಳೆ ತಾನಾಗಿ ನಿಲ್ಲುತ್ತದೆ ಎಂದು ಗೊತ್ತಿತ್ತು.

ನಿಂತಿತು. ಭೈರೇಶ ಜಗುಲಿಯ ಮೇಲೆ ಕೂತ.

ಮತ್ತೆ ಮಾಡಲು ಸಮಯವಿಲ್ಲ. ಇವತ್ತು ಬೆರೆಸಿದರೂ ಹಣ್ಣಾಗಲು ಮೂರು ವಾರ ಬೇಕು. ಮದುವೆಗೆ ನಾಲ್ಕು ದಿನ. ಆಗ ಮನಸ್ಸಿನ ಒಂದು ಮೂಲೆಯಿಂದ ಒಂದು ಯೋಚನೆ ಬೆಕ್ಕಿನ ಹಾಗೆ ಬಂತು. ಬೆಂದ ಸೀಸೆಯೂ ಪೂರ್ತಿ ನಾರುವುದಿಲ್ಲ. ಗಜನಿಂಬೆ ಸತ್ತಿದ್ದರೂ ಲಾವಂಚ ಗಟ್ಟಿಯಾಗಿ ನಿಂತಿರುತ್ತದೆ. ಡಬ್ಬಿಯೊಳಗೆ ಚಂದವಾಗಿ ಇಟ್ಟು ಕೊಟ್ಟರೆ ಮದುವೆಮನೆಯ ಗದ್ದಲದಲ್ಲಿ ಯಾರು ಮೂಸುತ್ತಾರೆ? ನೆಂಟರು ಮನೆಗೆ ಒಯ್ದು, ತಿಂಗಳು ಬಿಟ್ಟು ತೆರೆದು, ಮುಖ ಕಿವುಚಿ, ಎಲ್ಲೋ ಎಸೆಯುತ್ತಾರೆ. ಹೋಗಿ ಹೇಳುವವರು ಯಾರು?

ಲಕ್ಷ್ಮೀಪತಿಯಂತೂ ಹೇಳುವುದಿಲ್ಲ. ಅದೇ ಕಷ್ಟವಾಗಿತ್ತು. ಆ ಮನುಷ್ಯ ಮತ್ತೆ ಅದೇ ರೀತಿ ಮೆಲ್ಲಗೆ, ಏನೂ ಅನ್ನದೆ ಹೋಗಿಬಿಡುತ್ತಾನೆ.

ಭೈರೇಶ ಫೋನು ಎತ್ತಿಕೊಂಡ, ಇಟ್ಟ. ಮತ್ತೆ ಎತ್ತಿಕೊಂಡ.

"ಬೀಗ ತೆಗೆದು ನೋಡೋಕೆ ಮುಂಚೆನೇ ಫೋನ್ ಮಾಡ್ತೀರಾ? ಅತ್ತೆ ಬರ್ಲಿ ತಡೀರಿ" ಎಂದಳು ಕೀರ್ತನಾ.

"ನೋಡೋದೇನಿದೆ? ನಲವತ್ತಾರು ಡಿಗ್ರಿ. ಅವರಿಗೆ ಬೇರೆ ಏನಾದ್ರೂ ಏರ್ಪಾಡು ಮಾಡ್ಕೊಳೋಕೆ ಟೈಮಾದ್ರೂ ಬೇಡ್ವಾ?" ಎಂದು ಒತ್ತಿಬಿಟ್ಟ.

"ಸಾರ್, ಭೈರೇಶ. ನಿಮ್ಮ ಸೀಸೆಗಳು ಹೋದ್ವು ಸಾರ್."

"ಹೋದ್ವು ಅಂದ್ರೆ? ಕಳವಾ?"

"ಬೆಂದು ಹೋದ್ವು. ನಮ್ಮನೆ ಷೀಟ್ ರೂಮಲ್ಲಿ ಹದಿಮೂರು ದಿನ ಇದ್ದಾವೆ. ತಪ್ಪು ನಂದೇ. ಅಷ್ಟೇ ಅಲ್ಲ ಸಾರ್…" ಅವನು ಎದ್ದು ನಿಂತ. ತನ್ನ ಮೇಲೇ ಸಿಟ್ಟು ಬಂದು, ಇನ್ನೂ ಜೋರಾಗಿ ಹೇಳಿದ: "ಅವತ್ತು ಮೂರು ವರ್ಷದ ಹಿಂದೆ ನೀವು ತಂದಿದ್ದೂ ನನ್ನ ಗಾಜಲ್ಲೇ ಕೆಟ್ಟಿದ್ದು. ನಿಮ್ಮ ಕಾರಲ್ಲಲ್ಲ."

"ನನ್ನ ಹತ್ರ ಕಾರಿಲ್ಲ" ಎಂದರು ಲಕ್ಷ್ಮೀಪತಿ.

"ಗೊತ್ತು ಸಾರ್."

"ಮನೇಲೇ ಇರಿ. ರಾಗಿಣಿ ಜೊತೆ ಬರ್ತೀನಿ. ಏನ್ಮಾಡೋದು ಅಂತ ಕೂತು ನೋಡೋಣ."

ಫೋನಿಟ್ಟ ಮೇಲೆ ಭೈರೇಶನಿಗೆ ಹೊಟ್ಟೆ ಖಾಲಿಯೆನಿಸಿತು. ಮೂರು ಗಂಟೆಯಾಗಿತ್ತು. ಕೀರ್ತನಾ ಬಡಿಸಿದಳು. ಸೊಪ್ಪಿನ ಸಾರು, ಬಿಸಿ ಮುದ್ದೆ. ಅವನು ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ಬಾಯಿಯ ಹತ್ತಿರ ತಂದವನು ಅಲ್ಲೇ ನಿಂತ.

"ಏನೇ ಇದು, ಮುದ್ದೆ ಸೆಂಟ್ ಹೊಡೀತಾ ಇದೆ."

"ನಿಮ್ಮ ಕೈಯೇ ಅದು. ರೈಲಿಂದ ಇಳಿದೋರು ಕೈ ತೊಳ್ಕೊಂಡ್ರಾ?"

ಕೈ ತೊಳೆದಿದ್ದ. ಮತ್ತೆ ಹೋಗಿ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಬಂದ. ಮುದ್ದೆಯನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದ. ಹಸಿ ಬೇರಿನ, ನೆನೆದ ಮಣ್ಣಿನ ವಾಸನೆ. ಲಾವಂಚ. ಹಿಂದೆ ಎಲ್ಲೋ ಸಣ್ಣಗೆ ಮಲ್ಲಿಗೆ. ಗಜನಿಂಬೆ ಇಲ್ಲ. ಇರುವುದೂ ಇಲ್ಲ, ಗಿರಣಿಯ ಕಲ್ಲಿನ ಬಿಸಿಗೂ ಕುದಿಯುವ ನೀರಿಗೂ ಅದು ಯಾವಾಗಲೋ ಹಾರಿಹೋಗಿರುತ್ತದೆ.

"ಇದು ನನ್ನ ಬೆರಕೆ" ಎಂದ.

"ಏನಂದ್ರಿ?"

"ಮುಟ್ಬೇಡ, ತಿನ್ಬೇಡ ಇದನ್ನ. ಈ ಹಿಟ್ಟು ಯಾವಾಗ ಬೀಸ್ಸಿದ್ದು?"

"ಅತ್ತೆ ಭಾನುವಾರ ಬೀಸ್ಸಿಟ್ಟು ಹೋದ್ರು. ಇವತ್ತೇ ಡಬ್ಬ ತೆಗೆದಿದ್ದು ನಾನು. ತೆಗೆದಾಗ ಘಮ್ ಅಂತು, ನೀವು ಬ್ಯಾಗ್ ಬಿಚ್ಚಿದ್ದಕ್ಕೆ ಅಂದ್ಕೊಂಡೆ."

ಭೈರೇಶ ಹಿಟ್ಟಿನ ಡಬ್ಬ ಮೂಸಿದ. ಇನ್ನೂ ಜೋರು. ಹಿಟ್ಟಿಗೆ ಬಂದದ್ದು ರಾಗಿಯಿಂದ. ರಾಗಿ ಬಂದದ್ದು ಅಡುಗೆಮನೆಯ ಹಿಂದಿನ ಕತ್ತಲೆ ಮೂಲೆಯ ವಾಡೆಯಿಂದ. ಎದೆಯೆತ್ತರದ ಮಣ್ಣಿನ ಆ ಕಣಜ ಅವನ ಅಜ್ಜಿಯ ಕಾಲದ್ದು. ಹೊಲಗಳೆಲ್ಲ ಸೈಟಾದ ಮೇಲೂ ತಾವರೆಕೆರೆಯ ಕಡೆ ಉಳಿದ ಒಂದು ತುಂಡಿನಿಂದ ವರ್ಷಕ್ಕೆ ಎರಡು ಮೂಟೆ ರಾಗಿ ತರಿಸಿ ವೆಂಕಟಲಕ್ಷ್ಮಮ್ಮ ಅದಕ್ಕೆ ಸುರಿಯದೆ ಬಿಡುತ್ತಿರಲಿಲ್ಲ.

ವಾಡೆಯ ಮುಚ್ಚಳ ಎತ್ತಿದ. ಗಜನಿಂಬೆ ಮುಖಕ್ಕೆ ಹೊಡೆಯಿತು.

ಅಂಗಿಯ ತೋಳು ಮಡಚಿ ಕೈಯನ್ನು ಮೊಣಕೈವರೆಗೆ ರಾಗಿಯೊಳಗೆ ಇಳಿಸಿದ. ಕಾಳು ತಣ್ಣಗೆ, ನೀರಿನ ಹಾಗೆ ಸರಿದು ದಾರಿ ಬಿಟ್ಟಿತು. ಬೆರಳಿಗೆ ಬಟ್ಟೆ ಸಿಕ್ಕಿತು. ಬಟ್ಟೆಯೊಳಗೆ ಗಟ್ಟಿಯಾಗಿ, ಚೌಕವಾಗಿ ಒಂದು ಸೀಸೆ. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಇನ್ನೊಂದು. ಪೈರು ನಾಟಿದ ಹಾಗೆ ಸಾಲಾಗಿ, ನೆಟ್ಟಗೆ ನಿಂತಿದ್ದವು.

ಭೈರೇಶ ಹಾಗೆಯೇ, ತೋಳು ವಾಡೆಯೊಳಗಿಟ್ಟುಕೊಂಡೇ, ಹಣೆಯನ್ನು ಅದರ ಅಂಚಿಗೆ ಆನಿಸಿ ನಿಂತುಬಿಟ್ಟ.

"ರೀ, ಏನಾಯ್ತು? ಚೇಳಾ?" ಕೀರ್ತನಾ ಓಡಿ ಬಂದಳು.

"ಸೀಸೆ ಕಣೇ" ಎಂದ. ನಗುತ್ತಿದ್ದನೋ ಅಳುತ್ತಿದ್ದನೋ ಅವಳಿಗೆ ತಿಳಿಯಲಿಲ್ಲ. "ಅವ್ವ ಸೀಸೆ ನಾಟಿ ಮಾಡವ್ಳೆ!"

ಒಂದೊಂದಾಗಿ ತೆಗೆದರು. ಅಮ್ಮನ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿದ ಸೀಸೆಗಳು ನೆಲದ ಚಾಪೆಯ ಮೇಲೆ ಸಾಲಾದವು. ನಲವತ್ತೆರಡೂ ಇದ್ದವು. ಒಂದರ ಬಟ್ಟೆ ಮಾತ್ರ ಒದ್ದೆ, ಸೀಸೆ ಮುಕ್ಕಾಲು ಖಾಲಿ. ಕತ್ತಿನ ಬಿಲ್ಲೆ ಒಂದು ಕಡೆ ಸಡಿಲ. ಅದನ್ನು ಬಿಗಿದವನು ಭೈರೇಶನೇ. ಬೇರೆಯವರನ್ನು ಬೈಯಲು ಜಾಗವಿರಲಿಲ್ಲ.

ತಾಪಮಾಪಕವನ್ನು ರಾಗಿಯೊಳಗೆ ಹೂತಿಟ್ಟು ನೋಡಿದ. ಇಪ್ಪತ್ತೈದು. ಹೊರಗೆ ಏಪ್ರಿಲ್ಲಿನ ಬಿಸಿಲು ಏನೇ ಕುಣಿದರೂ ಮಣ್ಣಿನ ಗೋಡೆ, ಮಣ್ಣಿನ ವಾಡೆ, ಅದರೊಳಗೆ ಎರಡು ಮೂಟೆ ಕಾಳು ದಾಟಿ ಅದು ಒಳಗೆ ಹೋಗುವಷ್ಟರಲ್ಲಿ ಸಂಜೆಯಾಗುತ್ತದೆ. ಬೆಳಕು ಬೀಳುವ ಮಾತಿಲ್ಲ. ಒಣರಾಗಿ ತೇವಕ್ಕೂ ಎಡೆಗೊಡುವುದಿಲ್ಲ. ಸೀಸೆಯ ಮೇಲಿನ ಚೀಟಿಗಳು ಅಂಟಿಸಿದ ದಿನದಷ್ಟೇ ಗರಿಗರಿ. ತನ್ನ ಅಂಗಡಿಯಲ್ಲಿ ಇಷ್ಟು ಒಳ್ಳೆಯ ಜಾಗ ಎಂದೂ ಇರಲಿಲ್ಲ ಎಂದು ಅವನಿಗೆ ಆ ಕ್ಷಣ ಹೊಳೆಯಿತು.

ಹೊರಗೆ ಆಟೋ ನಿಂತ ಸದ್ದು. ಲಕ್ಷ್ಮೀಪತಿಯವರೂ ರಾಗಿಣಿಯೂ ಒಳಗೆ ಬಂದರು. ಹುಡುಗಿಯ ಮುಖ ಬಾಡಿತ್ತು. ಚಾಪೆಯ ಮೇಲೆ ಸೀಸೆಗಳು, ಮೈಯೆಲ್ಲ ರಾಗಿಯ ಧೂಳು ಮಾಡಿಕೊಂಡ ಭೈರೇಶ.

"ಇವೇನಾ ಬೆಂದಿರೋದು?" ಎಂದರು ಲಕ್ಷ್ಮೀಪತಿ.

"ಬೆಂದಿಲ್ಲ ಸಾರ್! ಅಂದ್ರೆ, ಬೆಂದಿಲ್ಲ ಅನ್ಸುತ್ತೆ. ಕೂತ್ಕೊಳಿ. ಈಗ್ಲೇ ನೋಡ್ಬಿಡೋಣ."

ಕಾಗದದ ಪಟ್ಟಿಗಳನ್ನು ತಂದ. ಒಂದಕ್ಕೆ ಅಂಗಡಿಯ ಫ್ರಿಜ್ಜಿನ ಮಾದರಿ, ಇನ್ನೊಂದಕ್ಕೆ ವಾಡೆಯ ಸೀಸೆ. ಎರಡನ್ನೂ ಗಾಳಿಯಲ್ಲಿ ಆಡಿಸಿ ರಾಗಿಣಿಯ ಕೈಗೆ ಕೊಡುವಷ್ಟರಲ್ಲಿ ಅವಳೂ ತನ್ನ ಪರ್ಸಿನಿಂದ ಒಂದು ಸಣ್ಣ ಸೀಸೆ ತೆಗೆದಳು. "ನೀವು ನಂಗೆ ಕೊಟ್ಟಿದ್ದು ಅಂಕಲ್. ಇದ್ರ ಜೊತೆ ಹೋಲಿಸೋಣ ಅಂತ ತಂದೆ."

ಮೂರನೆಯ ಪಟ್ಟಿಗೆ ಅದನ್ನೂ ಹಾಕಿದರು. ರಾಗಿಣಿ ಮೊದಲು ತನ್ನದನ್ನು, ಆಮೇಲೆ ವಾಡೆಯದನ್ನು ಮೂಸಿದಳು. ಹುಬ್ಬು ಗಂಟಾಯಿತು.

"ಬೇರೆ ಬೇರೆ ಇದೆಯಲ್ಲ ಅಂಕಲ್. ನಂದು ಹೀಗಿಲ್ಲ."

ಭೈರೇಶ ಕಿತ್ತುಕೊಂಡು ಮೂರನ್ನೂ ಮೂಸಿದ. ಫ್ರಿಜ್ಜಿನದು ಗಜನಿಂಬೆಯ ಸಿಪ್ಪೆಯನ್ನು ಆಗ ತಾನೇ ಉಗುರಿನಿಂದ ಗೀರಿದ ಹಾಗೆ. ವಾಡೆಯದು ಅದರ ಅವಳಿ, ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಹುಡುಗಿಯದು ಮಾತ್ರ ಮಂಕು. ಮೇಲೆ ನಿಂಬೆಯೇ ಇಲ್ಲ, ಒಂದು ತೆಳ್ಳಗಿನ ಹುಳಿ. ಸೀಸೆಯನ್ನು ಬೆಳಕಿಗೆ ಹಿಡಿದರೆ ಬಣ್ಣವೂ ಸ್ವಲ್ಪ ಗಾಢ. ಅರ್ಧ ಖಾಲಿಯಾದ ಸೀಸೆ ಬೇರೆ, ಒಳಗೆ ಗಾಳಿ.

ಅವನ ಬಾಯಿ ತೆರೆಯಿತು. ಕೀರ್ತನಾ ಹಿಂದಿನಿಂದ ಅಂಗಿ ಎಳೆದಳು. ಅವನು ಒಂದು ಸಲ ಉಸಿರು ಎಳೆದು, ತನ್ನ ಜೀವಮಾನದ ಅತ್ಯಂತ ಮೆತ್ತಗಿನ ದನಿಯಲ್ಲಿ ಕೇಳಿದ.

"ಇದನ್ನ ಎಲ್ಲಿ ಇಡ್ತಾ ಇದ್ದೆ ಮಗಳೇ?"

"ಬಾತ್‌ರೂಮಲ್ಲಿ ಅಂಕಲ್. ಶೆಲ್ಫ್ ಇದೆ. ಸ್ನಾನ ಆದ್ಮೇಲೆ ಹಾಕ್ಕೊಳೋಕೆ ಸುಲಭ ಅಂತ."

"ಗೀಸರ್ ಎಲ್ಲಿದೆ?"

ರಾಗಿಣಿ ಅಪ್ಪನ ಮುಖ ನೋಡಿದಳು. "ಶೆಲ್ಫ್ ಮೇಲೇನೇ."

ಲಕ್ಷ್ಮೀಪತಿಯವರ ಭುಜ ಅಲುಗತೊಡಗಿತು. ಮೊದಲು ಸದ್ದಿಲ್ಲದೆ, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಭೈರೇಶ್ ಅವರೇ, ಬೈದುಬಿಡಿ. ಈ ಸಲ ನಿಮಗೆ ಹಕ್ಕಿದೆ."

"ಬೇಡ ಸಾರ್, ಮದುಮಗಳು" ಎಂದ ಭೈರೇಶ. ಆದರೂ ತಡೆಯಲಾಗಲಿಲ್ಲ. "ದಿನಾ ಬೆಳಿಗ್ಗೆ ಹಬೆ, ಮೇಲೆ ಗೀಸರ್ ಕಾವು, ಮಧ್ಯಾಹ್ನ ತಣ್ಣಗೆ, ಮತ್ತೆ ಸಂಜೆ ಕಾವು. ಇದು ಸೀಸೆನಾ, ಇಡ್ಲಿನಾ?"

ಎಲ್ಲರೂ ನಕ್ಕರು. ರಾಗಿಣಿ ವಾಡೆಯ ಪಟ್ಟಿಯನ್ನು ಮತ್ತೆ ಮೂಸಿ, ಮುಖ ಅರಳಿಸಿ, "ಮೊದಲನೇ ದಿನ ಹೀಗೇ ಇತ್ತು. ಇದೇ, ಇದೇ ನಂಗೆ ಬೇಕಾಗಿದ್ದಿದ್ದು" ಎಂದಳು. ಭೈರೇಶನ ಬೆನ್ನ ಮೇಲೆ ಎರಡು ತಿಂಗಳಿಂದ ಕೂತಿದ್ದದ್ದು ಆಗ ಇಳಿಯಿತು. ಅವನು ಗೋಡೆಗೊರಗಿ ನೆಲದ ಮೇಲೆಯೇ ಕೂತ.

ವೆಂಕಟಲಕ್ಷ್ಮಮ್ಮ ಹಪ್ಪಳದ ಗಂಟು ಹೊತ್ತು ಬಂದದ್ದು ಆ ಹೊತ್ತಿಗೆ. ಬಾಗಿಲಲ್ಲೇ ನಿಂತು ಚಾಪೆ, ಸೀಸೆ, ಚೆಲ್ಲಿದ ರಾಗಿ, ಗುರುತಿಲ್ಲದ ಜನ ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಯಾರ್ಲಾ ನನ್ನ ವಾಡೆ ಕೆದಕಿದ್ದು?"

"ನಾನೇ ಕಣವ್ವ. ಸೀಸೆ ಅದ್ರೊಳಗೆ ಹೆಂಗ್ ಹೋದ್ವು ಹೇಳು."

"ಹೆಂಗ್ ಹೋದ್ವು? ನಾನ್ ಹಾಕ್ದೆ ಹೋದ್ವು. ಆ ಔಷ್ದಿ ಹೊಡಿಯೋ ಆಳು ಬೆಳಿಗ್ಗೆ ಸಾಮಾನೆಲ್ಲ ಮೇಲಕ್ಕೆ ಹಾಕಿ ಹೋದ. ಒಂದು ಗಳಿಗೆ ಬಿಟ್ಟು ನಾನು ಸಂಡಿಗೆ ಒಣಗಾಕೋಕೆ ಹೋದೆ. ನಿನ್ನ ಪೆಟ್ಗೆ ಮೇಲೆ ಮುಟ್ಬೇಡಿ ಅಂತ ಬರ್ದಿತ್ತು."

"ಅದ್ಕೇ ಮುಟ್ಟಿದ್ಯಾ?"

"ನಂಗೆ ಓದೋಕೆ ಬಂದ್ರಲ್ವಾ ಬಿಡೋಕೆ? ಆ ಆಳೇ ಓದಿ ಹೇಳಿದ್ದ. ಹೋದ ವರ್ಸ ಅವರೆ ಬಿತ್ತನೆ ಬೀಜ ಆ ತಗಡಿನ ಕೆಳಗೆ ಇಟ್ಟು ಒಂದೂ ಮೊಳೀಲಿಲ್ಲ, ಮರ್ತ್ಯಾ? ಬೀಜವೇ ಸಾಯ್ತದೆ, ಇನ್ನು ನಿನ್ನ ಸೆಂಟ್ ಎಷ್ಟರದು ಅಂತ ಕೆಳಕ್ಕೆ ತಂದೆ. ಕೋಣೆಗೆ ನಿನ್ನ ಹೆಂಡ್ತಿ ವಿಸ ಹೊಡ್ಸಿದ್ಲು. ಡಬ್ಬಿ ಸಮೇತ ವಾಡೆ ಬಾಯಲ್ಲಿ ಹಿಡೀಲಿಲ್ಲ. ಡಬ್ಬಿ ಮೇಲೆ ಪೆಟ್ಗೆಯಲ್ಲೇ ಬಿಟ್ಟು ಸೀಸೆ ಮಾತ್ರ ತಂದು ನೆಟ್ಟೆ. ತಪ್ಪಾ?"

"ಹೇಳ್ಬಾರ್ದಿತ್ತಾ ಅತ್ತೆ ಒಂದು ಮಾತು?" ಎಂದಳು ಕೀರ್ತನಾ.

"ನೀನು ಮಾತಾಡ್ಸುದ್ರೆ ತಾನೆ ಹೇಳೋದು?" ಎಂದಳು ಅತ್ತೆ. ಸೊಸೆ ತುಟಿ ಕಚ್ಚಿ ನಕ್ಕಳು.

"ಅದ್ರಲ್ಲಿ ಒಂದು ಸೋರಿ ರಾಗಿಗೆಲ್ಲ ಸೆಂಟಾಗದೆ. ನಿಂಗೆ ವಾಸನೆ ಬರ್ಲಿಲ್ವಾ?" ಎಂದ ಭೈರೇಶ.

ಕೊರೊನಾ ಬಂದು ಹೋದಾಗಿನಿಂದ ವೆಂಕಟಲಕ್ಷ್ಮಮ್ಮನಿಗೆ ಮೂಗು ಅಷ್ಟಕ್ಕಷ್ಟೆ. ಸಾರು ಸೀದರೂ ಹೊಗೆ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಅವಳು ಗಲ್ಲಕ್ಕೆ ಕೈ ಇಟ್ಟುಕೊಂಡಳು. "ಅಯ್ಯೋ! ಭಾನುವಾರ ರಾಗಿ ತೆಗಿಯೋವಾಗ ಒಂದು ವಾಲ್ಕೊಂಡಿತ್ತು, ನೆಟ್ಟಗೆ ಮಾಡ್ದೆ. ಅದೇ ಇರ್ಬೇಕು. ಮಿಲ್ ಚಿಕ್ಕಣ್ಣ ಕೇಳ್ದ ಕಣ್ಲಾ, ಏನಮ್ಮ, ರಾಗಿಗೂ ಸೆಂಟ್ ಹಾಕ್ಬಿಟ್ರಾ, ಮಗನ ಅಂಗಡಿ ಜೋರಾ ಅಂತ. ತಮಾಸೆ ಮಾಡ್ತಾವ್ನೆ ಅಂತ ಬೈದು ಬಂದೆ."

ಲಕ್ಷ್ಮೀಪತಿಯವರು ಎದ್ದು ಮುದುಕಿಗೆ ಕೈ ಮುಗಿದರು. "ಅಮ್ಮ, ನಮ್ಮನೆ ಮದುವೆ ಉಳಿಸಿದ್ರಿ. ಭಾನುವಾರ ನೀವು ಬರ್ಲೇಬೇಕು."

"ಬತ್ತೀನಿ ಬಿಡಪ್ಪ" ಎಂದ ವೆಂಕಟಲಕ್ಷ್ಮಮ್ಮನ ಕಣ್ಣು ಆಗಲೇ ವಾಡೆಯ ಮೇಲಿತ್ತು. "ಈ ರಾಗಿ ಗತಿಯೇನ್ಲಾ?"

"ಮೇಲಿನದು ತಿನ್ನಂಗಿಲ್ಲ ಕಣವ್ವ. ಅದ್ರಲ್ಲಿ ಸ್ಪಿರಿಟ್ಟಿರುತ್ತೆ. ಹಿಟ್ಟೂ ಚೆಲ್ಬೇಕು. ತಳದ್ದು ಹರಡಿ ವಾಸನೆ ನೋಡಿ ಹೇಳ್ತೀನಿ."

"ಚೆನ್ನಾಯ್ತು. ನಿನ್ನ ನೀರು ಉಳೀತು, ನನ್ನ ಅನ್ನ ಹೋಯ್ತು" ಎಂದು ಅವಳು ಸೊಂಟದ ಬೀಗದ ಕೈ ತೆಗೆದು ಮಗನ ಮುಂದೆ ಎಸೆದಳು. "ಹೋಗು, ಡಬ್ಬಿ ಇಳಿಸ್ಕೊ."

ಭೈರೇಶ ಡಬ್ಬಿ ಇಳಿಸಿಕೊಂಡು ಬಂದ. ಖಾಲಿ ಡಬ್ಬಿಗಳು ಕೈಗೆ ಬಿಸಿಬಿಸಿಯಾಗಿದ್ದವು. ಎಲ್ಲರೂ ಕೂತು ಸೀಸೆ ಒರೆಸಿ ಡಬ್ಬಿಗೆ ತುಂಬಿದರು. ರಾಗಿಣಿಯೂ ಸೆರಗು ಸಿಕ್ಕಿಸಿ ಕೂತಳು. ನಲವತ್ತು ತುಂಬಿ, ಒಂದು ಉಳಿಯಿತು. ಅದನ್ನು ಅವನು ಹುಡುಗಿಯ ಕೈಗಿಟ್ಟ.

"ಇದು ನಿಂಗೆ. ಬೀರುವಿನಲ್ಲಿ, ಬಟ್ಟೆ ನಡುವೆ, ಡಬ್ಬಿ ಸಮೇತ. ಬಾತ್‌ರೂಮಿಗೆ ತಗೊಂಡ್ ಹೋಗಿದ್ದು ಗೊತ್ತಾದ್ರೆ ಅಲ್ಲಿಗೇ ಬಂದು ಬೈತೀನಿ."

"ಯಾವ ಮನೆಗೆ ಅಂಕಲ್, ಗಂಡನ ಮನೆಗಾ?"

"ಎಲ್ಲಿಗಾದ್ರೂ!"

ಶುಕ್ರವಾರದವರೆಗೆ ಪೆಟ್ಟಿಗೆಗಳು ಮತ್ತೆ ನಡುಕೋಣೆಯ ಮಂಚದ ಕೆಳಗೆ ಹೋದವು. ಭೈರೇಶ ಅಮ್ಮನ ಮುಖ ನೋಡಿದ.

"ಅವ್ವ, ಇನ್ನೊಂದು ಮಾತು. ಪಕ್ಕದ ಬೇಕರಿಯವನು ಓವನ್ ಎತ್ತೋ ತನಕ ಅಂಗಡಿ ಮಾಲು ಒಂದಿಷ್ಟು ನಿನ್ನ ವಾಡೆಯಲ್ಲಿ…"

"ಮುಟ್ಟು, ಕೈ ಮುರೀತೀನಿ! ಅದು ರಾಗಿ ವಾಡೆ, ನಿನ್ನ ಅಂಗಡಿಯಲ್ಲ" ಎಂದಳು ಮುದುಕಿ. ಹಪ್ಪಳದ ಗಂಟು ಬಿಚ್ಚುತ್ತ ಗದ್ದ ಎತ್ತಿ ಹಿತ್ತಿಲ ಕಡೆ ತೋರಿಸಿದಳು. "ಕೊಟ್ಟಿಗೇಲಿ ನಿಮ್ಮಜ್ಜಿ ಇನ್ನೊಂದು ವಾಡೆ ಬಿದ್ದದೆ ನೋಡು. ಕೋಳಿ ಮೊಟ್ಟೆ ಇಡ್ತದೆ ಅದ್ರಲ್ಲಿ. ತೊಳ್ದು, ಬಿಸ್ಲಲ್ಲಿ ಚೆನ್ನಾಗಿ ಒಣಗ್ಸಿ, ಒಳಗೆ ತಂದು ಇಟ್ಕೊ. ಈ ಸಲ ಸೀಸೆ ಬಾಯಿ ನೆಟ್ಟಗೆ ಬಿಗಿ ಮಾಡಿ ಹಾಕು."

ಭೈರೇಶ ಆಗಲೇ ಕೊಟ್ಟಿಗೆಯಲ್ಲಿದ್ದ. ಕೋಳಿ ಕೂಗುತ್ತ ಹೊರಗೆ ಹಾರಿತು.